ಆ ಆರು ಮೆಗಾಪಾಸ್ಕಲ್ ಯಾವ ಪರೀಕ್ಷೆಯದು?

ಜಪಾನಿನಿಂದ ಬಂದ ಒಂದು ತಂಪುನೀರಿನ ಘಟಕವನ್ನು ನಮ್ಮ ರಾಜ್ಯದ ಒಂದು ಕಾರ್ಖಾನೆಯಲ್ಲಿ ಕೂಡಿಸುತ್ತಿದ್ದರು. ಪಂಪು, ಕೊಳವೆ, ಕವಾಟ ಎಲ್ಲವನ್ನೂ ಒಂದೇ ಉಕ್ಕಿನ ಚೌಕಟ್ಟಿನ ಮೇಲೆ ಜೋಡಿಸಿಯೇ ಕಳಿಸಿದ್ದರು. ಅದಕ್ಕೆ ಮೊದಲ ಸಲ ನೀರು ತುಂಬಿಸಿ, ಒತ್ತಡ ಕೊಟ್ಟು, ಸೋರಿಕೆ ನೋಡಿ, ಚಾಲನೆಗೆ ತರುವ ಹೊಣೆ ಹೊತ್ತವರು ಕಮಿಷನಿಂಗ್ ಇಂಜಿನಿಯರ್. ಅವರಿಗೆ ಜಪಾನಿ ಬಾರದು. ಕೊಳವೆಗೆ ಅನ್ವಯಿಸುವ ಜಪಾನಿ ಮಾನಕವನ್ನು ನಾಲ್ಕು ಪುಟದ ಇಂಗ್ಲಿಷಿನಲ್ಲಿ ಸಂಗ್ರಹಿಸಿ ಕೊಡಬೇಕೆಂದು ನನ್ನನ್ನು ಕೇಳಿದರು. ಮಾನಕದ ಹೆಸರು ಜಿಸ್ ಜಿ 3454. ಅದು ಒತ್ತಡ ತಡೆಯುವ ಕಾರ್ಬನ್ ಉಕ್ಕಿನ ಕೊಳವೆಗಳದ್ದು.

ನಾನು ಬರೆದುಕೊಟ್ಟ ಸಾರಾಂಶದಲ್ಲಿ ಒಂದು ವಾಕ್ಯ ಹೀಗಿತ್ತು: ಶೆಡ್ಯೂಲ್ 40ರ ಕೊಳವೆಯು 6.0 ಮೆಗಾಪಾಸ್ಕಲ್ ನೀರಿನ ಒತ್ತಡವನ್ನು ಸೋರದೆ ತಡೆಯತಕ್ಕದ್ದು. ಮೂಲದಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ. ಅಂಕಿ ಸರಿ, ಕ್ರಿಯಾಪದ ಸರಿ, ವ್ಯಾಕರಣ ಸರಿ. ಇಂಜಿನಿಯರ್ ಅದನ್ನು ಓದಿ ತಮ್ಮ ಪರೀಕ್ಷಾ ಹಾಳೆಯಲ್ಲಿ 6.0 ಎಂದು ಬರೆದುಕೊಂಡರು. ಆ ಘಟಕದ ವಿನ್ಯಾಸ ಒತ್ತಡ 0.7 ಮೆಗಾಪಾಸ್ಕಲ್. ಕೊಳವೆಗಳನ್ನು ಜೋಡಿಸಿದ್ದ ಫ್ಲ್ಯಾಂಜುಗಳು 10ಕೆ ದರ್ಜೆಯವು. ಅಂಥ ಉಕ್ಕಿನ ಫ್ಲ್ಯಾಂಜಿಗೆ ಜಪಾನಿ ಮಾನಕ 120 ಡಿಗ್ರಿ ಸೆಲ್ಸಿಯಸ್ ತನಕ ಕೊಟ್ಟಿರುವ ಗರಿಷ್ಠ ಬಳಕೆಯ ಒತ್ತಡ 1.4 ಮೆಗಾಪಾಸ್ಕಲ್. ಪಂಪು ಒತ್ತುವ ಮುನ್ನ, ಫ್ಲ್ಯಾಂಜಿನ ಮೇಲಿನ ಅಚ್ಚು ನೋಡಿ ಅನುಮಾನಪಟ್ಟವರು ಒಬ್ಬ ಹಿರಿಯ ಫಿಟ್ಟರ್. ಅವರು ಕೇಳಿದ್ದು ಒಂದೇ ಪ್ರಶ್ನೆ: “ಸಾರ್, ಈ ಆರು ಯಾವ ಪರೀಕ್ಷೆಯದು?”

ಆ ಆರು ಕೊಳವೆ ತಯಾರಿಸುವ ಗಿರಣಿಯ ಪರೀಕ್ಷೆಯದು. ಗಿರಣಿಯಿಂದ ಹೊರಬೀಳುವ ಮೊದಲು ಬರೀ ಕೊಳವೆಯನ್ನು, ಎರಡೂ ತುದಿ ಮುಚ್ಚಿ, ಅಷ್ಟು ಒತ್ತಡಕ್ಕೆ ಒಳಪಡಿಸುತ್ತಾರೆ. ಕೂಡಿಸಿದ ಮೇಲೆ ಸ್ಥಳದಲ್ಲಿ ಇಡೀ ಜಾಲಕ್ಕೆ ಮಾಡುವ ಪರೀಕ್ಷೆ ಬೇರೆ. ಹೆಚ್ಚಿನ ಪೈಪಿಂಗ್ ಸಂಹಿತೆಗಳು ಅದಕ್ಕೆ ವಿನ್ಯಾಸ ಒತ್ತಡದ ಒಂದೂವರೆ ಪಟ್ಟು ಹೇಳುತ್ತವೆ. ಇಲ್ಲಿ ಅದು 1.05 ಮೆಗಾಪಾಸ್ಕಲ್ ಆಗುತ್ತದೆ. ಅದರ ಬದಲಿಗೆ 6.0 ಕೊಟ್ಟಿದ್ದರೆ ಕೊಳವೆ ತಡೆಯುತ್ತಿತ್ತು. ಗ್ಯಾಸ್ಕೆಟ್ಟು, ಕವಾಟದ ಒಡಲು, ಪಕ್ಕದಲ್ಲಿ ನಿಂತವರು ತಡೆಯುತ್ತಿರಲಿಲ್ಲ.

ತಪ್ಪು ನನ್ನದು. ಆದರೆ ಅದು ಯಾವ ಜಾತಿಯ ತಪ್ಪು ಎಂದು ತಿಳಿದುಕೊಳ್ಳಲು ನನಗೆ ಸಮಯ ಹಿಡಿಯಿತು. ಜಪಾನಿ ವಾಕ್ಯದಲ್ಲಿ ಪರೀಕ್ಷೆ ಮಾಡುವವರು ಯಾರು, ಎಲ್ಲಿ, ಯಾವಾಗ ಎಂಬುದಿಲ್ಲ. ಕೊಳವೆಗೆ ಇಷ್ಟು ಒತ್ತಡ ಕೊಟ್ಟಾಗ ಅದು ತಾಳಬೇಕು, ಸೋರಕೂಡದು, ಅಷ್ಟೇ. ಜಪಾನಿ ಭಾಷೆ ಕರ್ತೃವನ್ನು ಸುಲಭವಾಗಿ ಬಿಟ್ಟುಬಿಡುತ್ತದೆ. ಕನ್ನಡವೂ ಬಿಡುತ್ತದೆ, ಹಾಗಾಗಿ ಅದು ನನಗೆ ಕೊರತೆ ಎಂದೇ ಅನ್ನಿಸಲಿಲ್ಲ. ಮೂಲವನ್ನು ಇಡಿಯಾಗಿ ಓದುವವರಿಗೆ ಇದರಿಂದ ಗೊಂದಲವಾಗುವುದಿಲ್ಲ. ಮಾನಕದ ಮೊದಲ ಪುಟದಲ್ಲೇ ಅದರ ವ್ಯಾಪ್ತಿ ಹೇಳಿರುತ್ತದೆ, ಕೊನೆಯಲ್ಲಿ ತಪಾಸಣೆಯ ಭಾಗವಿರುತ್ತದೆ. ಇದು ಕೊಳವೆಯನ್ನು ಮಾರುವವರಿಗೂ ಕೊಳ್ಳುವವರಿಗೂ ನಡುವಿನ ದಸ್ತಾವೇಜು ಎಂಬುದು ಪ್ರತಿ ಸಾಲಿಗೂ ಹಿನ್ನೆಲೆಯಾಗಿ ನಿಂತಿರುತ್ತದೆ. ನಾನು ಸಾರಾಂಶ ಮಾಡಿದಾಗ ಸಾಲನ್ನು ಉಳಿಸಿಕೊಂಡು ಹಿನ್ನೆಲೆಯನ್ನು ಕಳೆದೆ. ಮೂಲದಲ್ಲಿ ಇಲ್ಲದ ಸಂದಿಗ್ಧತೆಯನ್ನು ಹುಟ್ಟಿಸಿದವನು ನಾನೇ.

ಆ ದಿನದಿಂದ ನಾನು ಒಂದು ಮಾತನ್ನು ವಾದಿಸುತ್ತ ಬಂದಿದ್ದೇನೆ. ಸಾರಾಂಶ ಬರೆಯುವವರು ‘ಇಲ್ಲಿ ಅರ್ಥ ಸ್ಪಷ್ಟವಿಲ್ಲ’ ಎಂದು ಗುರುತು ಹಾಕುವ ಮೊದಲು, ಆ ಅಸ್ಪಷ್ಟತೆ ಎಲ್ಲಿದೆ ಎಂದು ತೀರ್ಮಾನಿಸಬೇಕು. ಇಂಗ್ಲಿಷಿಗೆ ತರುವಾಗ ಹುಟ್ಟಿದ್ದೇ? ಮಾನಕವೇ ಬೇಕೆಂದು ತೆರೆದಿಟ್ಟದ್ದೇ? ಅಥವಾ ಜಪಾನಿ ವಾಕ್ಯವನ್ನೇ ಎರಡು ಬಗೆಯಲ್ಲಿ ಓದಬಹುದೇ? ಮೂರಕ್ಕೂ ಒಂದೇ ಕೆಂಪು ಗುರುತು ಹಾಕಿ ಕಳಿಸಿದರೆ ಇಂಜಿನಿಯರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಏಕೆಂದರೆ ಒಂದೊಂದಕ್ಕೂ ಉತ್ತರ ಕೊಡಬೇಕಾದವರು ಬೇರೆ ಬೇರೆ.

ಮೊದಲನೆಯದಕ್ಕೆ ಉತ್ತರ ಕೊಡಬೇಕಾದವರು ಅನುವಾದಕರೇ. ಅಲ್ಲಿ ಗುರುತು ಹಾಕುವುದೆಂದರೆ ತನ್ನ ಕೆಲಸವನ್ನು ಇನ್ನೊಬ್ಬರ ತಲೆಗೆ ಕಟ್ಟಿದಂತೆ. ಜಪಾನಿ ಮಾನಕಗಳನ್ನು ಹೇಗೆ ಬರೆಯಬೇಕು ಎಂಬುದಕ್ಕೇ ಒಂದು ಮಾನಕವಿದೆ, ಜಿಸ್ ಝಡ್ 8301. ಯಾವ ಕ್ರಿಯಾಪದಕ್ಕೆ ಎಷ್ಟು ಬಲ ಎಂದು ಅದು ನಿಗದಿ ಮಾಡುತ್ತದೆ. ‘ಶಿನಾಕೆರೆಬಾ ನರಾನಾಯ್’ ಎಂದು ವಾಕ್ಯ ಮುಗಿದರೆ ಅದು ಕಡ್ಡಾಯವೆಂದು ಯಾರಿಗಾದರೂ ತಿಳಿಯುತ್ತದೆ. ಆದರೆ ಬರೀ ‘ಸುರು’, ಅಂದರೆ ‘ಮಾಡುವುದು’ ಎಂದು ಮುಗಿದರೂ ಅದು ಕಡ್ಡಾಯವೇ. ಜಪಾನಿಯನ್ನು ಮಾತಿನ ಭಾಷೆಯಾಗಿ ಕಲಿತವರು ಇದನ್ನು ವರ್ಣನೆ ಎಂದುಕೊಂಡು, ಇಂಗ್ಲಿಷಿನಲ್ಲಿ ‘ಮಾಡಲಾಗುತ್ತದೆ’ ಎಂಬರ್ಥ ಬರುವಂತೆ ಬರೆದುಬಿಡುತ್ತಾರೆ. ‘ಶಲ್’ ಎಂದಿರಬೇಕಾದಲ್ಲಿ ‘ಈಸ್’ ಬಂದು ಕೂತರೆ ಆಜ್ಞೆಯೊಂದು ಸುದ್ದಿಯಾಗುತ್ತದೆ. ಕನ್ನಡದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ನಮ್ಮ ಸರ್ಕಾರಿ ಸುತ್ತೋಲೆಯಲ್ಲಿ ‘ಅರ್ಜಿಯನ್ನು ದ್ವಿಪ್ರತಿಯಲ್ಲಿ ಸಲ್ಲಿಸುವುದು’ ಎಂದಿದ್ದರೆ ಅದು ‘ಸಲ್ಲಿಸತಕ್ಕದ್ದು’ ಎಂದೇ ಲೆಕ್ಕ. ಯಾರೋ ಸಲ್ಲಿಸುತ್ತಿದ್ದಾರೆಂಬ ವರದಿಯಲ್ಲ. ‘ನೊಝೊಮಾಶೀ’ ಎಂದರೆ ಶಿಫಾರಸು, ‘ಶಿತೆಮೊ ಯೋಯ್’ ಎಂದರೆ ಅನುಮತಿ. ಇವನ್ನು ತಿಳಿದವರಿಗೆ ಇಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ.

ಅಂಕಿಗಳ ಗಡಿಯಲ್ಲೂ ಹೀಗೆಯೇ. ಜಪಾನಿಯಲ್ಲಿ ‘ಇಜೋ’ ಮತ್ತು ‘ಇಕಾ’ ಎಂದರೆ ಆ ಅಂಕಿಯೂ ಸೇರಿದಂತೆ ಮೇಲೆ ಅಥವಾ ಕೆಳಗೆ. ‘ಕೊಯೆ’ ಮತ್ತು ‘ಮಿಮಾನ್’ ಎಂದರೆ ಆ ಅಂಕಿಯನ್ನು ಬಿಟ್ಟು. ಎಸ್‌ಎಸ್ 400 ಎಂಬ ಸಾಮಾನ್ಯ ರಚನಾ ಉಕ್ಕನ್ನು ತೆಗೆದುಕೊಳ್ಳಿ. ದಪ್ಪ 16 ಮಿಲಿಮೀಟರ್ ‘ಇಕಾ’ ಇದ್ದರೆ ಅದರ ಇಳುವರಿ ಬಲ, ಅಂದರೆ ಉಕ್ಕು ಮರಳಿ ಬಾರದಂತೆ ಬಾಗತೊಡಗುವ ಮಟ್ಟ, ಕನಿಷ್ಠ 245 ಮೆಗಾಪಾಸ್ಕಲ್ ಇರಬೇಕು. 16ನ್ನು ಮೀರಿ 40ರ ತನಕ ಇದ್ದರೆ 235 ಸಾಕು. ಕಾರ್ಖಾನೆಯಲ್ಲಿರುವ ಫಲಕದ ದಪ್ಪ ಸರಿಯಾಗಿ 16 ಮಿಲಿಮೀಟರ್, ಪರೀಕ್ಷೆಯಲ್ಲಿ ಬಂದ ಬಲ 240 ಎಂದುಕೊಳ್ಳಿ. ಮೂಲದ ಪ್ರಕಾರ ಅದು ಅನುತ್ತೀರ್ಣ, ಎರಡನೆಯ ಮಾತಿಲ್ಲ. ಸಾರಾಂಶಕಾರರು ಅವಸರದಲ್ಲಿ ‘16ರ ತನಕ 245, 16ರಿಂದ 40ರ ತನಕ 235’ ಎಂದು ಬರೆದರೆ ಅದೇ ಫಲಕ ಎರಡು ಸಾಲಿನಲ್ಲೂ ಬಂದು ಕೂರುತ್ತದೆ. 16 ಮಿಲಿಮೀಟರ್ ಫಲಕ ಅಪರೂಪದ್ದಲ್ಲ, ಅಂಗಡಿಯಲ್ಲಿ ಸಿಗುವ ಮಾಮೂಲಿ ದಪ್ಪ. ಗಡಿಯ ಅಂಕಿಗಳನ್ನು ಮಾರುಕಟ್ಟೆಯ ಅಳತೆಗಳ ಮೇಲೆಯೇ ಇಟ್ಟಿರುವುದರಿಂದ ಈ ತಪ್ಪು ಆಗಾಗ ಕಾಡುತ್ತದೆ.

ಎರಡನೆಯ ಬಗೆಯದು ಬೇರೆ. ಅಲ್ಲಿ ಜಪಾನಿ ವಾಕ್ಯ ಸ್ಪಷ್ಟವಾಗಿಯೇ ಇದೆ. ಅದು ಸ್ಪಷ್ಟವಾಗಿ ಹೇಳುವುದು ‘ಇದನ್ನು ನಾನು ತೀರ್ಮಾನಿಸುವುದಿಲ್ಲ’ ಎಂದು. ಜಿ 3454ರಲ್ಲೇ ಇದೆ: ಕೊಳವೆ ‘ಜಿತ್ಸುಯೋತೆಕಿ ನಿ ಮಸ್ಸುಗು’ ಇರಬೇಕು, ಅಂದರೆ ಬಳಕೆಗೆ ತಕ್ಕಷ್ಟು ನೆಟ್ಟಗಿರಬೇಕು. ಒಂದು ಮೀಟರಿಗೆ ಎಷ್ಟು ಮಿಲಿಮೀಟರ್ ಬಾಗಬಹುದು ಎಂದು ಆ ಸಾಲಿನಲ್ಲಿ ಇಲ್ಲ. ಒಳಹೊರ ಮೈಯಲ್ಲಿ ಬಳಕೆಗೆ ಹಾನಿಕರವಾದ ದೋಷ ಇರಕೂಡದು ಎಂದೂ ಇದೆ. ಯಾವ ಗೀರು ಹಾನಿಕರ, ಯಾವುದು ಅಲ್ಲ ಎಂಬುದು ಅಲ್ಲಿಲ್ಲ. ಜಪಾನಿನ ಒಳಗೆ ಇದು ನಡೆದುಹೋಗುತ್ತದೆ. ಗಿರಣಿಗೂ ಕೊಳ್ಳುವವರಿಗೂ ಹತ್ತಾರು ವರ್ಷದ ವ್ಯವಹಾರವಿರುತ್ತದೆ, ಎಷ್ಟು ಸೊಟ್ಟಗಿದ್ದರೆ ವಾಪಸು ಬರುತ್ತದೆಂದು ಇಬ್ಬರಿಗೂ ಗೊತ್ತು. ಅದೇ ಸಾಲು ಕಡಲು ದಾಟಿ ಬಂದಾಗ ಆ ತಿಳಿವಳಿಕೆ ಜೊತೆಗೆ ಬರುವುದಿಲ್ಲ.

ಇಲ್ಲಿ ಅನುವಾದಕರಿಗೆ ಎರಡು ಆಮಿಷಗಳಿವೆ. ಒಂದು, ‘ನೆಟ್ಟಗಿರಬೇಕು’ ಎಂದು ಬರೆದು ‘ಬಳಕೆಗೆ ತಕ್ಕಷ್ಟು’ ಎಂಬುದನ್ನು ಹಾರಿಸುವುದು. ಸಾರಾಂಶವಲ್ಲವೇ, ವಿಶೇಷಣ ಒಂದು ಹೋದರೇನು ಎನ್ನಿಸುತ್ತದೆ. ಇನ್ನೊಂದು, ಬೇರೆ ಯಾವುದೋ ಮಾನಕದಿಂದ ಒಂದು ಅಂಕಿ ತಂದು ತುಂಬುವುದು. ಎರಡನೆಯದು ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದು ಉಪಕಾರದ ವೇಷದಲ್ಲಿ ಬರುತ್ತದೆ. ಅಂಕಿ ಕಂಡ ಇಂಜಿನಿಯರ್ ಅದನ್ನು ಮಾನಕದ ಮಾತೆಂದೇ ನಂಬಿ, ಸರಕನ್ನು ತಿರಸ್ಕರಿಸಿ, ಪೂರೈಕೆದಾರರೊಂದಿಗೆ ಜಗಳಕ್ಕೆ ನಿಲ್ಲುತ್ತಾರೆ. ಆಗ ಮೂಲ ತೆರೆದು ನೋಡಿದರೆ ಅಂಕಿಯೇ ಇರುವುದಿಲ್ಲ.

ಈ ಬಗೆಯ ಕಲಮಿಗೆ ಗುರುತು ಬೇಕೇಬೇಕು. ಆದರೆ ‘ಅಸ್ಪಷ್ಟ’ ಎಂದಲ್ಲ. ‘ಮಾನಕ ಇದನ್ನು ಇಂಥವರ ತೀರ್ಮಾನಕ್ಕೆ ಬಿಟ್ಟಿದೆ’ ಎಂದು. ಆ ‘ಇಂಥವರು’ ಯಾರೆಂದು ಹೇಳುವುದರಲ್ಲೇ ಕೆಲಸದ ಕಷ್ಟವಿರುವುದು. ನಮ್ಮ ಪ್ರಕರಣಕ್ಕೇ ಮರಳುತ್ತೇನೆ. ನೀರಿನ ಒತ್ತಡದ ಪರೀಕ್ಷೆಯನ್ನು ಹೇಳುವ ಅದೇ ಜಾಗದಲ್ಲಿ, ಅದರ ಬದಲಿಗೆ ಕೊಳವೆಯನ್ನು ಕೆಡಿಸದೆ ಮಾಡುವ ಪರೀಕ್ಷೆಗೂ ಜಿ 3454 ಅವಕಾಶ ಕೊಡುತ್ತದೆ. ಅದು ಶ್ರವಣಾತೀತ ತರಂಗದಿಂದಲೋ ಸುಳಿ ವಿದ್ಯುತ್ ಪ್ರವಾಹದಿಂದಲೋ ದೋಷ ಹುಡುಕುವ ವಿಧಾನ. ಎರಡರಲ್ಲಿ ಯಾವುದು ಎಂಬುದನ್ನು ‘ಚೂಮೊನ್‌ಶಾ’ ಹೇಳಬಹುದು. ಹೇಳದಿದ್ದರೆ ತಯಾರಕರು ಆರಿಸಿಕೊಳ್ಳುತ್ತಾರೆ. ಚೂಮೊನ್‌ಶಾ ಎಂದರೆ ಆರ್ಡರ್ ಕೊಟ್ಟವರು. ಇಂಗ್ಲಿಷಿನಲ್ಲಿ ಅದನ್ನು ‘ಪರ್ಚೇಸರ್’ ಎಂದು ಬರೆದರೆ ನಮ್ಮ ಕಾರ್ಖಾನೆಯವರು ತಾವೇ ಎಂದುಕೊಳ್ಳುತ್ತಾರೆ. ಘಟಕವನ್ನು ಹಣ ಕೊಟ್ಟು ಕೊಂಡವರು ಅವರಲ್ಲವೇ? ಆದರೆ ಮಾನಕ ಹೇಳುವುದು ಗಿರಣಿಗೆ ಕೊಳವೆಯ ಆರ್ಡರ್ ಕೊಟ್ಟವರನ್ನು. ಅವರು ಜಪಾನಿನಲ್ಲಿ ಘಟಕ ಕಟ್ಟಿದವರೋ, ಅವರಿಗೆ ಕೊಳವೆ ಒದಗಿಸಿದ ವ್ಯಾಪಾರಿಯೋ ಆಗಿರುತ್ತಾರೆ. ನಮ್ಮ ಇಂಜಿನಿಯರ್ ಆ ಮಾತುಕತೆಯಲ್ಲಿ ಇರಲೇ ಇಲ್ಲ. ಈಗ ಅವರಿಗೆ ಏನನ್ನೂ ‘ನಿರ್ದಿಷ್ಟಪಡಿಸಲು’ ಬರುವುದಿಲ್ಲ. ಅಂದು ಏನು ನಡೆಯಿತೆಂದು ತಿಳಿದುಕೊಳ್ಳಬಹುದು, ಅಷ್ಟೇ. ತಿಳಿಯುವ ದಾರಿಯೂ ಇದೆ: ಕೊಳವೆಯ ಜೊತೆ ಗಿರಣಿ ಕೊಡುವ ತಪಾಸಣಾ ಪತ್ರ. ಅದನ್ನು ಜಪಾನಿನಲ್ಲಿ ಮಿಲ್ ಶೀಟ್ ಎಂದು ಕರೆಯುತ್ತಾರೆ.

ಜಪಾನಿ ಮಾನಕಗಳಲ್ಲಿ ಮತ್ತೆ ಮತ್ತೆ ಬರುವ ‘ಕೊಡುವ ಕೊಳ್ಳುವ ಎರಡೂ ಕಡೆಯವರ ಒಪ್ಪಂದದಂತೆ’ ಎಂಬ ಸಾಲಿಗೂ ಇದೇ ಎಚ್ಚರ ಬೇಕು. ಸಾರಾಂಶದಲ್ಲಿ ಬರೀ ‘ಒಪ್ಪಂದದಂತೆ’ ಎಂದರೆ ಯಾವ ಒಪ್ಪಂದ, ಯಾರ ನಡುವೆ, ಎಲ್ಲಿ ಸಿಗುತ್ತದೆ ಎಂಬ ಮೂರೂ ಕಳೆದುಹೋಗುತ್ತವೆ.

ಮೂರನೆಯ ಬಗೆ, ಅಂದರೆ ಮೂಲವೇ ಎರಡು ಓದಿಗೆ ಎಡೆಮಾಡುವುದು, ಹೊರಗಿನವರು ಊಹಿಸುವಷ್ಟು ಹೆಚ್ಚಿಲ್ಲ. ಜಪಾನಿ ಕರಡುಕಾರರು ಸೇರಿಸುವ ಪದಗಳಲ್ಲೂ ಶಿಸ್ತು ಇಟ್ಟುಕೊಂಡಿದ್ದಾರೆ. ‘ಅಥವಾ’ ಎನ್ನಲು ಅವರಿಗೆ ಎರಡು ಪದಗಳಿವೆ: ಒಳಗಿನ ಸಣ್ಣ ಆಯ್ಕೆಗೆ ‘ಮೊಶಿಕುವಾ’, ಹೊರಗಿನ ದೊಡ್ಡ ಆಯ್ಕೆಗೆ ‘ಮತಾವಾ’. ‘ಕ ಮೊಶಿಕುವಾ ಖ ಮತಾವಾ ಗ’ ಎಂದರೆ ಕ-ಖ ಒಂದು ಗುಂಪು, ಗ ಬೇರೆ. ‘ಮತ್ತು’ ಎಂಬುದಕ್ಕೂ ಹಾಗೆಯೇ, ಒಳಗೆ ‘ಒಯೊಬಿ’, ಹೊರಗೆ ‘ನರಾಬಿನಿ’. ಇಂಗ್ಲಿಷಿನ ಒಂದೇ ‘ಆರ್’, ಒಂದೇ ‘ಆ್ಯಂಡ್’ ಈ ಮೆಟ್ಟಿಲುಗಳನ್ನು ಸವರಿ ಸಮ ಮಾಡುತ್ತವೆ. ಅದನ್ನು ಸಾಲು ಒಡೆದು, ಉಪಕಲಮು ಮಾಡಿ ಉಳಿಸಿಕೊಳ್ಳಬೇಕಾದ್ದು ಅನುವಾದಕರ ಕೆಲಸ, ಅಂದರೆ ಮತ್ತೆ ಮೊದಲನೆಯ ಬಗೆ.

ನಿಜವಾದ ಇಬ್ಬಂದಿ ಹುಟ್ಟುವುದು ನಾಮಪದದ ಮುಂದೆ ಬರುವ ವಿಶೇಷಣದಲ್ಲಿ. ‘ಶಾಖ ಸಂಸ್ಕಾರ ಮಾಡಿದ ಕೊಳವೆ ಮತ್ತು ಜೋಡಿಕೆಗಳು’ ಎನ್ನಿ. ಸಂಸ್ಕಾರ ಕೊಳವೆಗೆ ಮಾತ್ರವೋ, ಜೋಡಿಕೆಗಳಿಗೂ ಸೇರಿಯೋ? ಕನ್ನಡದಲ್ಲಿ ಈ ತೊಡಕು ಹೇಗಿದೆಯೋ ಜಪಾನಿಯಲ್ಲೂ ಹಾಗೇ ಇದೆ, ಏಕೆಂದರೆ ಎರಡೂ ಭಾಷೆಗಳು ಇಡೀ ವಾಕ್ಯಾಂಶವನ್ನೇ ನಾಮಪದದ ಮುಂದೆ ತಂದು ನಿಲ್ಲಿಸುತ್ತವೆ. ಇಂಗ್ಲಿಷಿಗೆ ತರುವಾಗ ಅಂಥ ಉದ್ದನೆಯ ವಾಕ್ಯಾಂಶ ನಾಮಪದದ ಹಿಂದಕ್ಕೆ ಹೋಗುತ್ತದೆ, ಹೋಗುವಾಗ ಕೊಳವೆಗೋ ಜೋಡಿಕೆಗೋ ಅಂಟಿಕೊಳ್ಳುತ್ತದೆ. ಬರೆದವರಿಗೆ ತಾವೊಂದು ತೀರ್ಪು ಕೊಟ್ಟೆವೆಂಬ ಅರಿವೂ ಇರುವುದಿಲ್ಲ. ಹಳೆಯ ಮಾನಕಗಳಲ್ಲಿ ಇನ್ನೊಂದು ತೊಡಕಿದೆ. ‘ಬಿಕೋ’ ಎಂಬ ತಲೆಬರಹದ ಕೆಳಗಿನ ಟಿಪ್ಪಣಿಯಲ್ಲಿ ಕಡ್ಡಾಯ ನಿಯಮಗಳು ಇರಬಹುದಿತ್ತು, ‘ಸಾಂಕೋ’ ಎಂಬುದು ಬರೀ ಮಾಹಿತಿ. ಎರಡನ್ನೂ ‘ನೋಟ್’ ಎಂದು ಅನುವಾದಿಸಿದರೆ ಆ ನಿಯಮ ಯಾರಿಗೂ ಕಾಣದಂತಾಗುತ್ತದೆ. ಮಾನಕದ ಕೊನೆಯಲ್ಲಿ ಬರುವ ‘ಕಾಯ್‌ಸೆತ್ಸು’, ಅಂದರೆ ವಿವರಣೆ, ಮಾನಕದ ಭಾಗವಲ್ಲ. ಆದರೂ ಕಲಮು ಏಕೆ ಹೀಗೆ ಬದಲಾಯಿತೆಂದು ಸಮಿತಿಯವರು ಹೇಳಿಕೊಂಡಿರುವುದು ಅಲ್ಲಿಯೇ. ಎರಡು ಓದಿನ ನಡುವೆ ಸಿಕ್ಕಿಕೊಂಡಾಗ ನಾನು ಮೊದಲು ತಿರುಗುವುದು ಆ ಪುಟಗಳಿಗೆ. ಅಲ್ಲಿ ಸಿಕ್ಕಿದ್ದನ್ನು ಸಾಕ್ಷಿ ಎನ್ನುತ್ತೇನೆ, ನಿಯಮ ಎನ್ನುವುದಿಲ್ಲ.

ಇಂಥ ಕಡೆ ಕೆಲವರು ಒಂದು ಸುಲಭದ ದಾರಿ ಸೂಚಿಸುತ್ತಾರೆ: ಅನುಮಾನ ಬಂದರೆ ಹೆಚ್ಚು ಬಿಗಿಯಾದ ಓದನ್ನು ಆರಿಸಿ, ಸುರಕ್ಷಿತವಾಗಿರುತ್ತೀರಿ. ವಿನ್ಯಾಸ ಮಾಡುವವರಿಗೆ ಅದು ಎಷ್ಟೋ ಸಲ ಒಪ್ಪುವ ಮಾತಿರಬಹುದು. ಚಾಲನೆಗೆ ತರುವವರಿಗೆ ಒಪ್ಪುವುದಿಲ್ಲ. 1.05 ಮತ್ತು 6.0ರ ನಡುವೆ ‘ಬಿಗಿಯಾದದ್ದು’ 6.0, ಅದೇ ಅಪಾಯದ್ದು. ಬೋಲ್ಟನ್ನು ಹೆಚ್ಚು ಬಿಗಿದರೆ ಗ್ಯಾಸ್ಕೆಟ್ ನುಜ್ಜಾಗುತ್ತದೆ; ವಿದ್ಯುತ್ ನಿರೋಧದ ಪರೀಕ್ಷೆಗೆ ಹೆಚ್ಚು ವೋಲ್ಟೇಜ್ ಕೊಟ್ಟರೆ ಸರಿಯಿದ್ದ ಉಪಕರಣವೂ ಸುಡುತ್ತದೆ. ಆದ್ದರಿಂದ ಬಿಗಿಯಾದದ್ದು ಯಾವುದೆಂದು ಆರಿಸುವ ಅಧಿಕಾರ ಅನುವಾದಕರಿಗಿಲ್ಲ. ಎರಡು ಓದಿನಿಂದ ಸ್ಥಳದಲ್ಲಿ ಏನೇನು ವ್ಯತ್ಯಾಸವಾಗುತ್ತದೆ ಎಂದು ತಿಳಿದಷ್ಟನ್ನು ಹೇಳುವುದು ಅವರ ಪಾಲಿನದು.

ಇಂಜಿನಿಯರುಗಳ ಕಡೆಯಿಂದ ಬರುವ ಆಕ್ಷೇಪವೂ ನ್ಯಾಯವಾದದ್ದೇ. ‘ನಾನು ನಾಳೆ ಬೆಳಿಗ್ಗೆ ನೀರು ಬಿಡಬೇಕು. ಪುಟಕ್ಕೆ ಹತ್ತು ಗುರುತು ಹಾಕಿ ಕೊಟ್ಟರೆ ನಾನು ಯಾವುದನ್ನು ನೋಡಲಿ? ನಿಮಗೆ ಭಾಷೆ ಬರುತ್ತದೆಂದೇ ಅಲ್ಲವೇ ನಿಮಗೆ ಕೊಟ್ಟದ್ದು?’ ಹೊಣೆ ತಪ್ಪಿಸಿಕೊಳ್ಳಲೆಂದೇ ಕಂಡಕಂಡಲ್ಲಿ ಗುರುತು ಹಾಕುವವರಿದ್ದಾರೆ. ಆ ಗುರುತುಗಳ ನಡುವೆ ನಿಜವಾದ ಅಪಾಯ ಮುಚ್ಚಿಹೋಗುತ್ತದೆ. ಮೊದಲನೆಯ ಬಗೆಯದನ್ನೆಲ್ಲ ಸದ್ದಿಲ್ಲದೆ ವಾಕ್ಯದೊಳಗೇ ಸರಿಪಡಿಸಿದರೆ ಉಳಿಯುವುದು ಬೆರಳೆಣಿಕೆಯಷ್ಟು. ಜಿ 3454ರ ನನ್ನ ಎರಡನೆಯ ಸಾರಾಂಶದಲ್ಲಿ ಉಳಿದದ್ದು ಮೂರೇ ಗುರುತು: ನೆಟ್ಟಗಿರುವುದು, ಮೈಮೇಲಿನ ದೋಷ, ಯಾವ ಪರೀಕ್ಷೆ ನಡೆಯಿತು ಎಂಬುದು. ಮೂರನ್ನೂ ಮೊದಲ ಪುಟದ ತಲೆಯಲ್ಲೇ ಇಟ್ಟೆ. ಒಂದೊಂದರಲ್ಲೂ ಕಲಮಿನ ಸಂಖ್ಯೆ, ಜಪಾನಿ ಮೂಲದ ಸಾಲು ಇದ್ದಂತೆಯೇ, ಅದು ಏನನ್ನು ತೆರೆದಿಟ್ಟಿದೆ, ಸ್ಥಳದಲ್ಲಿ ಅದರಿಂದ ಏನಾಗುತ್ತದೆ, ಯಾರನ್ನು ಅಥವಾ ಯಾವ ಕಾಗದವನ್ನು ಕೇಳಬೇಕು ಎಂದು ಬರೆದೆ. ಮೂಲದ ಸಾಲನ್ನು ಹಾಗೇ ಇಡುವುದು ಅಲಂಕಾರಕ್ಕಲ್ಲ. ಇಂಜಿನಿಯರ್ ಅದನ್ನು ನಕಲು ಮಾಡಿ ಜಪಾನಿನ ತಯಾರಕರಿಗೆ ಕಳಿಸಿದರೆ, ಆ ಕಡೆಯವರು ನನ್ನ ಇಂಗ್ಲಿಷಿಗೆ ಉತ್ತರ ಕೊಡದೆ ತಮ್ಮ ಮಾನಕದ ವಾಕ್ಯಕ್ಕೇ ಉತ್ತರ ಕೊಡುತ್ತಾರೆ.

ಅಧಿಕೃತ ಇಂಗ್ಲಿಷ್ ಅನುವಾದವೇ ಸಿಗುವಾಗ ಇಷ್ಟೆಲ್ಲ ಏಕೆ ಎಂದು ಕೇಳುವವರೂ ಇದ್ದಾರೆ. ಜಪಾನಿ ಮಾನಕ ಸಂಘವು ಅನೇಕ ಮಾನಕಗಳ ಇಂಗ್ಲಿಷ್ ರೂಪವನ್ನು ಮಾರುತ್ತದೆ. ಇದ್ದರೆ ಅದನ್ನು ಕೊಂಡು ಪಕ್ಕದಲ್ಲಿಟ್ಟುಕೊಂಡೇ ಕೆಲಸ ಮಾಡಬೇಕು. ಆದರೆ ಒಳಾಂಶದ ಬಗ್ಗೆ ಸಂದೇಹ ಬಂದರೆ ಜಪಾನಿ ಮೂಲವೇ ಅಂತಿಮ ಪ್ರಮಾಣ ಎಂದು ಆ ಅನುವಾದಗಳು ತಾವೇ ಹೇಳುತ್ತವೆ. ಅಧಿಕೃತ ಅನುವಾದವೇ ಮೂಲದ ಕಡೆ ಕೈ ತೋರಿಸುವಾಗ, ನಾಲ್ಕು ಪುಟದ ಸಾರಾಂಶವೊಂದು ಆ ಕೈಯನ್ನು ಮುಚ್ಚಿಡುವುದು ಸಲ್ಲದು.

ಹದಿನೈದು ದಿನದ ಮೇಲೆ ಮಿಲ್ ಶೀಟ್ ಬಂತು. ನೀರಿನ ಒತ್ತಡದ ಅಂಕಣದಲ್ಲಿ ಒಂದು ಅಡ್ಡಗೆರೆ ಇತ್ತು. ಪಕ್ಕದ ಅಂಕಣದಲ್ಲಿ ಸುಳಿ ಪ್ರವಾಹದ ಪರೀಕ್ಷೆ, ಉತ್ತೀರ್ಣ ಎಂದಿತ್ತು. ನಾನು ಮೊದಲ ಸಾರಾಂಶದಲ್ಲಿ ಬರೆದಿದ್ದ 6.0 ಮೆಗಾಪಾಸ್ಕಲ್ ಒತ್ತಡವನ್ನು ಆ ಕೊಳವೆಗಳು ಗಿರಣಿಯಲ್ಲೂ ಕಂಡಿರಲಿಲ್ಲ.